ಬಾಳೆಹಣ್ಣಿನ ಸಿಹಿ ಬಜ್ಜಿ: ಒಳಗೆ ಮೆತ್ತಗಿರಲು ಎಣ್ಣೆಯ ಕಾವು ಎಷ್ಟಿರಬೇಕು, ಎಷ್ಟು ಹೊತ್ತು ಕರಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಬೆಂಗಳೂರಿನ ಮಡಿವಾಳ, ಎಸ್.ಜಿ. ಪಾಳ್ಯದ ಕಡೆ ಹೋದರೆ ಕೇರಳದವರ ಟೀ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಉದ್ದುದ್ದನೆಯ ಹಳದಿ ಬಜ್ಜಿ ಜೋಡಿಸಿಟ್ಟಿರುತ್ತಾರೆ. ಅವರು ಪಳಂಪೊರಿ ಅಂತಾರೆ, ಮಂಗಳೂರಿನವರು ಬಾಳೆಹಣ್ಣಿನ ಪೋಡಿ ಅಂತಾರೆ. ಅದನ್ನು ತಿಂದು ಬಂದು ಮನೆಯಲ್ಲಿ ಮಾಡಿದವರ ದೂರು ಹೆಚ್ಚುಕಮ್ಮಿ ಎರಡೇ. ಒಂದು, ಹೊರಗೆ ಕಪ್ಪಾಯಿತು, ಒಳಗೆ ಹಣ್ಣು ಹಾಗೇ ಗಟ್ಟಿಯಾಗಿತ್ತು. ಇನ್ನೊಂದು, ಬಣ್ಣ ಚೆನ್ನಾಗಿ ಬಂತು, ಆದರೆ ಎಣ್ಣೆ ಕುಡಿದು ಜಿಡ್ಡಾಯಿತು. ಎರಡಕ್ಕೂ ಉತ್ತರ ಎಣ್ಣೆಯ ಕಾವಿನಲ್ಲಿದೆ, ಹಣ್ಣು ಹೆಚ್ಚಿದ ದಪ್ಪದಲ್ಲಿದೆ. ಹಿಟ್ಟಿನ ಅಳತೆ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ, ಈ ಎರಡು ತಪ್ಪಿದರೆ ನಡೆಯುವುದಿಲ್ಲ.

ಯಾವ ಬಾಳೆಹಣ್ಣು ತರಬೇಕು? ಮನೆಯಲ್ಲಿರುವ ಏಲಕ್ಕಿ ಬಾಳೆಯಲ್ಲಿ ಆಗಲ್ವಾ?

ನೇಂದ್ರ ಬಾಳೆ ತನ್ನಿ. ಕೇರಳದಿಂದಲೂ ಬರುತ್ತದೆ, ನಮ್ಮ ಚಾಮರಾಜನಗರ, ಮೈಸೂರು ಕಡೆಯಿಂದಲೂ ಬರುತ್ತದೆ. ಮಡಿವಾಳ ಮಾರುಕಟ್ಟೆ, ಕೆ.ಆರ್. ಮಾರುಕಟ್ಟೆ, ಕೇರಳದವರ ದಿನಸಿ ಅಂಗಡಿಗಳಲ್ಲಿ ಸಿಗುತ್ತದೆ. ಉದ್ದಕ್ಕೆ, ದಪ್ಪಕ್ಕೆ, ಅಂಚು ಎದ್ದ ಹಾಗೆ ಇರುವ ಹಣ್ಣು. ತೂಕಕ್ಕೆ ಕೊಡುತ್ತಾರೆ. ಚಿಪ್ಸ್‌ಗೆ ಹೋಗುವುದೂ ಇದೇ, ಆದರೆ ಅದು ಕಾಯಿ.

ನೇಂದ್ರವೇ ಯಾಕೆ ಅಂದರೆ, ಬೇರೆ ಬಾಳೆ ಹಣ್ಣಾದಾಗ ಅದರ ಪಿಷ್ಟ ಹೆಚ್ಚೂಕಡಿಮೆ ಪೂರ್ತಿ ಸಕ್ಕರೆಯಾಗಿಬಿಡುತ್ತದೆ. ನೇಂದ್ರದಲ್ಲಿ ಹಣ್ಣಾದ ಮೇಲೂ ಒಂದಿಷ್ಟು ಪಿಷ್ಟ ಉಳಿದಿರುತ್ತದೆ. ಕಾವು ತಾಗಿದಾಗ ಆ ಪಿಷ್ಟ ಬೆಂದು ಮೆತ್ತಗಾಗುತ್ತದೆ, ಆದರೆ ತುಂಡಿನ ಆಕಾರ ಬಿಟ್ಟುಕೊಡುವುದಿಲ್ಲ. ನಮಗೆ ಬೇಕಾದ ಮೆತ್ತನೆ ಅದು. ಪಚ್ಚಬಾಳೆ ಹಾಕಿದರೆ ಒಳಗೆ ನೀರು ಜಾಸ್ತಿ, ಎಣ್ಣೆಯಲ್ಲಿ ಕರಗಿದ ಹಾಗಾಗಿ ಹಿಟ್ಟಿನ ಪದರ ಟೊಳ್ಳಾಗುತ್ತದೆ.

ಏಲಕ್ಕಿ ಬಾಳೆಯಲ್ಲಿ ಮಾಡಲೇಬೇಕು ಅಂದರೆ ಪೂರ್ತಿ ಕಳಿಯದ, ಕೈಗೆ ಗಟ್ಟಿ ಅನಿಸುವ ಹಣ್ಣು ತೆಗೆದುಕೊಳ್ಳಿ. ಉದ್ದಕ್ಕೆ ಎರಡು ಸೀಳು ಸಾಕು. ಹಿಟ್ಟು ಸ್ವಲ್ಪ ಗಟ್ಟಿ ಇರಲಿ. ಎರಡು ನಿಮಿಷದಲ್ಲಿ ತೆಗೆದುಬಿಡಿ. ರುಚಿಯಾಗಿರುತ್ತದೆ, ಆದರೆ ಈ ಪುಟದಲ್ಲಿ ಹೇಳುವ ಹೊತ್ತಿನ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

ನೇಂದ್ರ ಸರಿಯಾಗಿ ಹಣ್ಣಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಅಂಗಡಿಯಲ್ಲಿ ಚೆಂದಕ್ಕೆ ತೂಗುಹಾಕಿರುವ, ಒಂದು ಚುಕ್ಕೆಯೂ ಇಲ್ಲದ ಹಳದಿ ಹಣ್ಣು ಇದಕ್ಕೆ ಇನ್ನೂ ಆಗಿಲ್ಲ. ಅದನ್ನು ಕರಿದರೆ ಬೇಯಿಸಿದ ಗೆಣಸಿನ ಗಟ್ಟಿ ಭಾಗ ಕಚ್ಚಿದ ಹಾಗಿರುತ್ತದೆ. ಎಷ್ಟು ಹೊತ್ತು ಎಣ್ಣೆಯಲ್ಲಿ ಬಿಟ್ಟರೂ ಆ ಗಟ್ಟಿತನ ಹೋಗುವುದಿಲ್ಲ. ಒಳಗೆ ಗಟ್ಟಿ ಅನ್ನುವವರಲ್ಲಿ ಬಹಳಷ್ಟು ಜನರ ತೊಂದರೆ ಎಣ್ಣೆಯದ್ದಲ್ಲ, ಹಣ್ಣಿನದ್ದು.

ಸಿಪ್ಪೆಯ ಮೇಲೆ ಕಪ್ಪು ಮಚ್ಚೆ ಮೂಡಿ, ಸುಮಾರು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಪ್ಪಾಗಿರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು, ಆದರೆ ಗುಳಿ ಬೀಳಬಾರದು. ಸುಲಿಯುವಾಗ ಸಿಪ್ಪೆ ತೆಳ್ಳಗಾಗಿ ಸಲೀಸಾಗಿ ಬರಬೇಕು. ಎಳೆದು ಕೀಳಬೇಕಾಗಿ ಬಂದರೆ ಇನ್ನೊಂದು ದಿನ ಬಿಡಿ. ಹೆಚ್ಚಿದಾಗ ಒಳಗಿನ ಬಣ್ಣ ತಿಳಿ ಬಿಳುಪಲ್ಲ, ಜೇನಿನತ್ತ ತಿರುಗಿದ ಹಳದಿ ಇರುತ್ತದೆ.

ಪೂರ್ತಿ ಕಪ್ಪಾಗಿ ಒಳಗೆ ಅಂಟಂಟಾಗಿದ್ದರೆ ಬಜ್ಜಿಗೆ ಹಾಕಬೇಡಿ. ತುಂಡು ಕೈಯಲ್ಲೇ ಮುರಿಯುತ್ತದೆ. ಅದನ್ನು ಕಿವುಚಿ ಬನ್ಸ್‌ಗೆ ಕಲಸಿಕೊಳ್ಳಿ, ಬಹಳ ಚೆನ್ನಾಗಾಗುತ್ತದೆ.

ಡಿಸೆಂಬರಿನಲ್ಲಿ ತಂದ ಹಣ್ಣು ಒಂದು ವಾರ ಆದರೂ ಹಾಗೇ ಇದೆ. ಏನು ಮಾಡಲಿ?

ಬೆಂಗಳೂರಿನ ಚಳಿಗೆ ನೇಂದ್ರ ನಿಧಾನ. ಅಕ್ಕಿ ಡಬ್ಬದಲ್ಲಿ ಹೂತಿಡಿ, ಇಲ್ಲವೇ ಹಣ್ಣಾದ ಇನ್ನೊಂದು ಬಾಳೆ ಜೊತೆ ದಿನಪತ್ರಿಕೆಯಲ್ಲಿ ಸುತ್ತಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಅಲ್ಲೇ ಉಳಿದು ಬೇಗ ಹಣ್ಣಾಗುತ್ತದೆ. ದಿನಾ ಒಮ್ಮೆ ನೋಡಿ. ಹಣ್ಣಾಗುವ ಮೊದಲು ಫ್ರಿಜ್‌ಗೆ ಇಡಬೇಡಿ. ತಣ್ಣಗಿನ ಜಾಗದಲ್ಲಿ ಸಿಪ್ಪೆ ಮಾತ್ರ ಕಪ್ಪಾಗುತ್ತದೆ, ಒಳಗೆ ಹಣ್ಣಾಗುವುದು ನಿಂತುಹೋಗುತ್ತದೆ. ಆಮೇಲೆ ಹೊರಗಿನ ಬಣ್ಣ ನೋಡಿ ನೀವೇ ಮೋಸ ಹೋಗುತ್ತೀರಿ.

ಎಷ್ಟು ದಪ್ಪಕ್ಕೆ ಹೆಚ್ಚಬೇಕು?

ಮುಕ್ಕಾಲು ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್. ನಿಮ್ಮ ಕಿರುಬೆರಳಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ. ಹಣ್ಣನ್ನು ಅಡ್ಡಕ್ಕೆ ಎರಡು ಮಾಡಿ, ಪ್ರತಿ ಅರ್ಧವನ್ನೂ ಉದ್ದಕ್ಕೆ ಮೂರು ಸೀಳಿ. ಹಣ್ಣು ತೀರಾ ದಪ್ಪವಿದ್ದರೆ ನಾಲ್ಕು ಸೀಳು. ಒಂದು ಹಣ್ಣಿಗೆ ಆರರಿಂದ ಎಂಟು ತುಂಡು ಬರುತ್ತದೆ.

ದಪ್ಪದ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಾವು ಹಣ್ಣಿನೊಳಗೆ ಎರಡೂ ಕಡೆಯಿಂದ ನಿಧಾನಕ್ಕೆ ನುಗ್ಗುತ್ತದೆ. ತುಂಡಿನ ದಪ್ಪ ಎರಡರಷ್ಟಾದರೆ ಕಾವು ನಡುವಿಗೆ ತಲುಪುವ ಹೊತ್ತು ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ಒಂದು ಸೆಂಟಿಮೀಟರ್ ದಪ್ಪದ ತುಂಡು ಮೂರು, ಮೂರೂವರೆ ನಿಮಿಷದಲ್ಲಿ ನಡುವಿನ ತನಕ ಬೇಯುತ್ತದೆ. ಹಣ್ಣನ್ನು ಸುಮ್ನೆ ಎರಡೇ ಸೀಳು ಮಾಡಿ ಎರಡು ಸೆಂಟಿಮೀಟರ್ ಇಟ್ಟರೆ ಹತ್ತು ನಿಮಿಷಕ್ಕೂ ಜಾಸ್ತಿ ಬೇಕು. ಅಷ್ಟು ಹೊತ್ತು ಯಾವ ಸಿಹಿ ಹಿಟ್ಟೂ ಎಣ್ಣೆಯಲ್ಲಿ ಕಪ್ಪಾಗದೆ ಇರುವುದಿಲ್ಲ. ಉರಿ ಏರಿಸಿದರೂ ಇಳಿಸಿದರೂ ಆ ತುಂಡನ್ನು ಉಳಿಸಲು ಆಗುವುದಿಲ್ಲ.

ತೀರಾ ತೆಳ್ಳಗೂ ಬೇಡ. ಅರ್ಧ ಸೆಂಟಿಮೀಟರಿಗಿಂತ ತೆಳುವಾದರೆ ಹಣ್ಣಿಗಿಂತ ಹಿಟ್ಟೇ ಬಾಯಿಗೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದು ಸಲಕ್ಕೆ ಹಾಕುವ ತುಂಡುಗಳೆಲ್ಲ ಒಂದೇ ದಪ್ಪ ಇರಲಿ. ನಡುವಿನ ಸೀಳು ದಪ್ಪ, ಅಂಚಿನದು ತೆಳು ಆಗಿದ್ದರೆ ಅಂಚಿನವನ್ನು ಬೇರೆ ಸರದಿಯಲ್ಲಿ ಕರಿಯಿರಿ.

ಹಿಟ್ಟಿನ ಅಳತೆ ಹೇಳಿ.

ಎರಡು ದೊಡ್ಡ ನೇಂದ್ರಕ್ಕೆ, ಅಂದರೆ ಹನ್ನೆರಡು ತುಂಡಿಗೆ ಇದು ಸಾಕು: ಮೈದಾ 150 ಗ್ರಾಂ, ಅಕ್ಕಿ ಹಿಟ್ಟು 30 ಗ್ರಾಂ, ಸಕ್ಕರೆ 40 ಗ್ರಾಂ, ಅರಿಶಿನ ಕಾಲು ಟೀ ಚಮಚ, ಉಪ್ಪು ಎರಡು ಚಿಟಿಕೆ, ಮೂರು ಏಲಕ್ಕಿಯ ಪುಡಿ. ನೀರು ಸುಮಾರು 180 ಮಿಲಿ ಬೇಕಾಗುತ್ತದೆ, ಆದರೆ ಒಂದೇ ಸಲ ಸುರಿಯಬೇಡಿ. ಮೈದಾದಿಂದ ಮೈದಾಕ್ಕೆ ನೀರು ಹಿಡಿಯುವುದು ಬೇರೆ ಬೇರೆ.

ಮೊದಲು ಸಕ್ಕರೆಯನ್ನು ನೀರಿನಲ್ಲಿ ಪೂರ್ತಿ ಕರಗಿಸಿ. ಇದನ್ನು ಬಿಡಬೇಡಿ. ಕರಗದ ಹರಳು ಹಿಟ್ಟಿನಲ್ಲಿ ಉಳಿದರೆ ಎಣ್ಣೆಯಲ್ಲಿ ಅದು ಅಲ್ಲಲ್ಲೇ ಸುಟ್ಟು ಕಪ್ಪು ಚುಕ್ಕೆಯಾಗುತ್ತದೆ. ಕೆಲವು ಹರಳು ಉದುರಿ ಬಾಣಲೆಯ ತಳದಲ್ಲಿ ಕೂತು ಎಣ್ಣೆಗೂ ಕಹಿ ಹತ್ತಿಸುತ್ತದೆ. ಆಮೇಲೆ ಒಣ ಹಿಟ್ಟುಗಳನ್ನು ಸೇರಿಸಿ ಗಂಟಿಲ್ಲದಂತೆ ಕಲಸಿ, ಹದಿನೈದು ನಿಮಿಷ ಮುಚ್ಚಿಡಿ. ಜಾಸ್ತಿ ಹೊತ್ತು ನಾದಿದ ಹಾಗೆ ಕಲಸಿದರೆ ಪದರ ರಬ್ಬರಿನಂತಾಗುತ್ತದೆ. ಗಂಟು ಹೋದ ಕೂಡಲೇ ನಿಲ್ಲಿಸಿ.

ಹದ ನೋಡುವುದು ಹೀಗೆ. ಒಂದು ತುಂಡನ್ನು ಅದ್ದಿ ಎತ್ತಿ. ಹಿಟ್ಟು ತುಂಡಿನ ಎರಡೂ ಬದಿಗೆ ಹತ್ತಿಕೊಂಡು, ಹೆಚ್ಚಿನದು ನಿಧಾನಕ್ಕೆ ದಪ್ಪ ದಾರವಾಗಿ ಇಳಿದು ನಿಲ್ಲಬೇಕು. ಹಣ್ಣಿನ ಬಣ್ಣ ಹಿಟ್ಟಿನೊಳಗಿಂದ ಕಂಡರೆ ನೀರು ಜಾಸ್ತಿಯಾಗಿದೆ, ಒಂದು ಚಮಚ ಮೈದಾ ಸೇರಿಸಿ. ಉದುರದೆ ಮುದ್ದೆಯಾಗಿ ಹಿಡಿದಿದ್ದರೆ ಸ್ವಲ್ಪ ನೀರು ಚಿಮುಕಿಸಿ. ದೋಸೆ ಹಿಟ್ಟಿಗಿಂತ ಒಂದು ಮಟ್ಟ ಗಟ್ಟಿ.

ಸಕ್ಕರೆ ಇನ್ನಷ್ಟು ಹಾಕಬಹುದಾ? ಬೆಲ್ಲ?

ಸಿಹಿ ಹಣ್ಣಿನಿಂದಲೇ ಬರಲಿ. ಸಕ್ಕರೆ ಜಾಸ್ತಿಯಾದಷ್ಟೂ ಹಿಟ್ಟು ಬೇಗ ಕಂದಾಗುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಮುಗಿದುಹೋಗುತ್ತದೆ. 40 ಗ್ರಾಂ ಇದ್ದಾಗ ಬಣ್ಣ ಬರಲು ಹಿಡಿಯುವ ಹೊತ್ತೂ ಹಣ್ಣು ಬೇಯಲು ಹಿಡಿಯುವ ಹೊತ್ತೂ ಹತ್ತಿರ ಹತ್ತಿರ ಕೂಡಿಬರುತ್ತವೆ. ಅದಕ್ಕೇ ಆ ಅಳತೆ. ಬೆಲ್ಲ ಹಾಕಿದರೆ ಹಿಟ್ಟು ಮೊದಲೇ ಕಂದು, ಬಣ್ಣ ನೋಡಿ ತೆಗೆಯುವುದು ಕಷ್ಟ. ಹಾಕುವುದಾದರೆ ಎಣ್ಣೆಯ ಕಾವು ಹತ್ತು ಡಿಗ್ರಿ ಇಳಿಸಿ, ಬಣ್ಣ ಬಿಟ್ಟು ಗಡಿಯಾರ ನೋಡಿ ತೆಗೆಯಿರಿ.

ಸೋಡಾ ಬೇಕೇ ಬೇಕಾ?

ಬೇಡ. ಹಾಕುವುದಾದರೆ ಒಂದು ಚಿಟಿಕೆ, ಅದೂ ಕರಿಯುವ ಹೊತ್ತಿಗೆ. ಪದರ ಸ್ವಲ್ಪ ಹಗುರಾಗುತ್ತದೆ. ಹೆಚ್ಚಾದರೆ ಎರಡು ಕೆಡುಕು: ಪದರದಲ್ಲಿ ತೂತು ಜಾಸ್ತಿಯಾಗಿ ಎಣ್ಣೆ ಕುಡಿಯುತ್ತದೆ, ಬಣ್ಣವೂ ಬೇಗ ಕೆಂಪಾಗುತ್ತದೆ.

ಹಿಟ್ಟು ತುಂಡಿನಿಂದ ಜಾರಿ ಹೋಗುತ್ತದೆ, ಎಣ್ಣೆಯಲ್ಲಿ ಬೇರೆಯಾಗುತ್ತದೆ. ಯಾಕೆ?

ಹೆಚ್ಚಿಟ್ಟ ತುಂಡಿನ ಮೇಲೆ ರಸ ಒಸರಿರುತ್ತದೆ. ಆ ತೇವದ ಮೇಲೆ ಹಿಟ್ಟು ಹಿಡಿಯುವುದಿಲ್ಲ, ಎಣ್ಣೆಗೆ ಬಿದ್ದ ಕೂಡಲೇ ಆ ನೀರು ಆವಿಯಾಗಿ ಪದರವನ್ನು ಎತ್ತಿಬಿಡುತ್ತದೆ. ಎಣ್ಣೆ ಕಾಯಲು ಇಟ್ಟ ಮೇಲೆ ಹಣ್ಣು ಹೆಚ್ಚಿ, ಮೊದಲೇ ಬೇಡ. ಅದ್ದುವ ಮುಂಚೆ ತುಂಡನ್ನು ಒಣ ಮೈದಾದ ಮೇಲೆ ಒಮ್ಮೆ ಆಚೆ ಈಚೆ ಹೊರಳಿಸಿ ಕೊಡವಿದರೆ ಸಾಕು.

ಎಣ್ಣೆ ಎಷ್ಟು ಬಿಸಿ ಇರಬೇಕು?

ಹಾಕುವ ಮುಂಚೆ 175 ಡಿಗ್ರಿ ಸೆಲ್ಸಿಯಸ್. ಬೇಯುವಾಗ 160ರಿಂದ 170ರ ನಡುವೆ. ಈ ಎರಡು ಅಂಕಿ ಬೇರೆ ಬೇರೆ ಅನ್ನುವುದನ್ನು ಗಮನಿಸಿ. ತಣ್ಣಗಿನ ಹಣ್ಣು, ನೀರಿನ ಹಿಟ್ಟು ಬಿದ್ದ ಕೂಡಲೇ ಮನೆಯ ಸಣ್ಣ ಬಾಣಲೆಯಲ್ಲಿ ಕಾವು ಹದಿನೈದು, ಇಪ್ಪತ್ತು ಡಿಗ್ರಿ ಇಳಿದುಬಿಡುತ್ತದೆ. ಅದಕ್ಕೇ ಸ್ವಲ್ಪ ಮೇಲಿಂದ ಶುರು ಮಾಡುವುದು.

ಈ ಕಾವೇ ಯಾಕೆ? ಎಣ್ಣೆ ಎಷ್ಟೇ ಬಿಸಿ ಇರಲಿ, ಹಣ್ಣಿನೊಳಗೆ ನೀರು ಇರುವ ತನಕ ಅಲ್ಲಿನ ಕಾವು ನೀರು ಕುದಿಯುವ ಮಟ್ಟ ದಾಟುವುದಿಲ್ಲ. ಅಂದರೆ ಎಣ್ಣೆಯನ್ನು 200 ಡಿಗ್ರಿಗೆ ಏರಿಸಿದರೆ ನಡುಭಾಗ ಬೇಗ ಬೇಯುತ್ತದೆ ಅನ್ನುವುದು ತಪ್ಪು. ಬೇಗ ಆಗುವುದು ಹೊರಗಿನ ಬಣ್ಣ ಮಾತ್ರ. ಒಳಗಿನ ಹಣ್ಣು ತನ್ನ ಮೂರು ನಿಮಿಷ ತೆಗೆದುಕೊಂಡೇ ತೀರುತ್ತದೆ. ಹೊರಗಿನ ಪದರ ಸರಿಯಾಗಿ ಮೂರು ನಿಮಿಷದಲ್ಲಿ ಹೊಂಬಣ್ಣಕ್ಕೆ ಬರುವ ಕಾವು ಯಾವುದೋ ಅದೇ ಸರಿಯಾದ ಕಾವು. ಈ ಹಿಟ್ಟಿಗೆ, ಈ ದಪ್ಪಕ್ಕೆ ಅದು 160ರಿಂದ 170.

ಕಾವು 150ಕ್ಕಿಂತ ಕೆಳಗಿದ್ದರೆ ಆಗುವುದು ಬೇರೆ. ಹಿಟ್ಟಿನ ನೀರು ಜೋರಾಗಿ ಆವಿಯಾಗುವುದಿಲ್ಲ, ಪದರ ಬೇಗ ಗಟ್ಟಿಯಾಗುವುದಿಲ್ಲ. ಬಣ್ಣ ಬರಲಿ ಅಂತ ನೀವು ಆರೇಳು ನಿಮಿಷ ಕಾಯುತ್ತೀರಿ. ಅಷ್ಟರಲ್ಲಿ ಒಳಗಿನ ಹಣ್ಣು ಅತಿಯಾಗಿ ಬೆಂದು ಕುಸಿಯುತ್ತದೆ, ಪದರ ಮಂದವಾಗಿ ಜಿಡ್ಡು ಹಿಡಿಯುತ್ತದೆ.

ಥರ್ಮಾಮೀಟರ್ ಇಲ್ಲ. ಹೇಗೆ ತಿಳಿಯುವುದು?

ಹಿಟ್ಟಿನ ಒಂದು ಹನಿ ಬಿಡಿ, ಕಡಲೆಕಾಳಿನಷ್ಟು. ಅದು ತಳಕ್ಕೆ ಹೋಗಿ ಅಲ್ಲೇ ಕೂತು, ನಿಧಾನಕ್ಕೆ ಮೇಲೆ ಬಂದರೆ ಎಣ್ಣೆ ಇನ್ನೂ ಕಾದಿಲ್ಲ. ಸ್ವಲ್ಪ ಮುಳುಗಿ, ತಳ ಮುಟ್ಟುವಷ್ಟರಲ್ಲೇ ಮೇಲೆ ಬಂದು ಸುತ್ತ ಸಣ್ಣ ಗುಳ್ಳೆ ಎದ್ದರೆ ಸರಿಯಾಗಿದೆ. ಮುಳುಗದೇ ಮೇಲೇ ಚಿಮ್ಮಿ ಎಣಿಸುವಷ್ಟರಲ್ಲಿ ಕೆಂಪಾದರೆ ಜಾಸ್ತಿ ಕಾದಿದೆ. ಆಗ ಒಲೆ ಆರಿಸಿ ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ತಣ್ಣಗಾಗಲಿ ಅಂತ ಹಿಟ್ಟು ಸುರಿಯಬೇಡಿ. ಎಣ್ಣೆಯಿಂದ ಹೊಗೆ ಕಂಡರೆ ಅದು ಬಹಳ ದೂರ ಹೋಗಿದೆ.

ಥರ್ಮಾಮೀಟರ್ ಕೊಂಡವರಿಗೆ ಒಂದು ಮಾತು. ಅದರ ತುದಿ ಬಾಣಲೆಯ ತಳಕ್ಕೆ ತಾಗಬಾರದು, ಎಣ್ಣೆಯ ನಡುವೆ ಇರಬೇಕು. ಅದು ಸರಿ ತೋರಿಸುತ್ತಿದೆಯಾ ಅಂತ ಕುದಿಯುವ ನೀರಿನಲ್ಲಿ ಪರೀಕ್ಷೆ ಮಾಡುವುದಾದರೆ, ಬೆಂಗಳೂರಿನಲ್ಲಿ 100 ಬರಬೇಕು ಅಂತ ಕಾಯಬೇಡಿ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. 97 ತೋರಿಸಿದರೆ ಥರ್ಮಾಮೀಟರ್ ಸರಿಯಾಗಿದೆ.

ಹಾಕಿದ ಮೇಲೆ ಉರಿ ಹೇಗಿಡಬೇಕು? ಒಂದು ಸರದಿ ಪೂರ್ತಿ ಹೇಳಿ.

ಮೇಲಿನ ಅಳತೆಯ ಹಿಟ್ಟು, ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ದಪ್ಪದ ತುಂಡು, ಮಧ್ಯಮ ಗಾತ್ರದ ಕಬ್ಬಿಣದ ಬಾಣಲೆ, ಅದರಲ್ಲಿ ಅರ್ಧ ಲೀಟರ್ ಎಣ್ಣೆ ಅಂತ ಇಟ್ಟುಕೊಳ್ಳಿ. ಮಧ್ಯಮ ಉರಿಯಲ್ಲಿ ಎಣ್ಣೆ 175ಕ್ಕೆ ಬರಲಿ. ಹನಿ ಪರೀಕ್ಷೆ ಮಾಡಿ.

ಮೂರು ತುಂಡು ಮಾತ್ರ ಹಾಕಿ. ಅದ್ದಿದ ತುಂಡಿನ ಒಂದು ತುದಿ ಹಿಡಿದು, ಇನ್ನೊಂದು ತುದಿ ಎಣ್ಣೆಗೆ ತಾಗಿಸಿ, ನಿಮ್ಮಿಂದ ಆಚೆ ಕಡೆಗೆ ಮಲಗಿಸುವ ಹಾಗೆ ಬಿಡಿ. ಎಣ್ಣೆ ನಿಮ್ಮ ಕಡೆ ಸಿಡಿಯುವುದಿಲ್ಲ. ಹಾಕಿದ ತಕ್ಷಣ ಉರಿ ಒಂದು ಮಟ್ಟ ಏರಿಸಿ. ಕಾವು 158ರ ಆಸುಪಾಸಿಗೆ ಇಳಿದಿರುತ್ತದೆ, ಅದನ್ನು ಮೇಲಕ್ಕೆ ತರಬೇಕು. ಮೊದಲ ಅರ್ಧ ನಿಮಿಷ ಮುಟ್ಟಬೇಡಿ. ಪದರ ಇನ್ನೂ ಹಸಿ, ಸೌಟು ತಾಗಿದರೆ ಹರಿಯುತ್ತದೆ. ಆಮೇಲೆ ಜಾಲರಿ ಸೌಟಿನಿಂದ ಬಿಸಿ ಎಣ್ಣೆಯನ್ನು ತುಂಡುಗಳ ಮೇಲೆ ಎರಡು ಮೂರು ಸಲ ಹಾಯಿಸಿ. ಮೇಲ್ಭಾಗವೂ ಗಟ್ಟಿಯಾಗುತ್ತದೆ, ತಿರುಗಿಸಿದಾಗ ಹಿಟ್ಟು ಸೋರುವುದಿಲ್ಲ.

ಒಂದು ನಿಮಿಷದ ಹೊತ್ತಿಗೆ ಕಾವು 165 ದಾಟಿರುತ್ತದೆ. ಉರಿಯನ್ನು ಮತ್ತೆ ಮಧ್ಯಮಕ್ಕೆ ತನ್ನಿ. ಒಂದೂವರೆ ನಿಮಿಷಕ್ಕೆ ತಿರುಗಿಸಿ. ಕೆಳಭಾಗ ತಿಳಿ ಹೊಂಬಣ್ಣ ಇರಬೇಕು. ಈಗಲೇ ಗಾಢ ಕಂದಾಗಿದ್ದರೆ ಉರಿ ಜಾಸ್ತಿ, ತಕ್ಷಣ ಸಣ್ಣ ಮಾಡಿ. ಇನ್ನೂ ಬಿಳಿಚಿಕೊಂಡಿದ್ದರೆ ಉರಿ ಸಾಲದು. ಆಮೇಲೆ ಇನ್ನೊಂದೂವರೆ ನಿಮಿಷ ಈ ಕಡೆ. ಮೂರು ನಿಮಿಷದ ಹೊತ್ತಿಗೆ ಸದ್ದು ಬದಲಾಗುವುದು ಕೇಳಿಸುತ್ತದೆ. ಮೊದಲು ಜೋರಾಗಿ ಸುರ್ರೆನ್ನುತ್ತಿದ್ದದ್ದು ಈಗ ತಗ್ಗಿ ಸಣ್ಣ ಚಿಟಪಟ ಆಗಿರುತ್ತದೆ. ದೊಡ್ಡ ಗುಳ್ಳೆಗಳು ಹೋಗಿ ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ ಇರುತ್ತದೆ. ಪದರದ ನೀರು ಹೆಚ್ಚಿನಂಶ ಹೋಗಿದೆ ಅಂತ ಅರ್ಥ. ಇನ್ನೊಮ್ಮೆ ಎರಡೂ ಬದಿ ಹೊರಳಿಸಿ, ಮೂರೂವರೆ ನಿಮಿಷದೊಳಗೆ ಎತ್ತಿ.

ಎತ್ತಿದ ತುಂಡನ್ನು ಬಾಣಲೆಯ ಅಂಚಿಗೆ ಒರಗಿಸಿ ಎಣ್ಣೆ ಇಳಿಸಿ. ಅವು ಎತ್ತುವಾಗ ಇರಬೇಕಾದ್ದಕ್ಕಿಂತ ಒಂದು ಛಾಯೆ ತಿಳಿ ಇರಲಿ, ಹೊರಗೆ ಬಂದ ಮೇಲೂ ಬಣ್ಣ ಸ್ವಲ್ಪ ಏರುತ್ತದೆ. ಮುಂದಿನ ಸರದಿಗೆ ಮುಂಚೆ ಉದುರಿದ ಹಿಟ್ಟಿನ ಹನಿಗಳನ್ನೆಲ್ಲ ತೆಗೆದುಬಿಡಿ, ಎಣ್ಣೆ ಮತ್ತೆ 175ಕ್ಕೆ ಬರುವ ತನಕ ಕಾಯಿರಿ. ಈ ಕಾಯುವಿಕೆ ಬಹಳ ಜನ ಬಿಡುತ್ತಾರೆ, ಅದಕ್ಕೇ ಎರಡನೇ ಸರದಿ ಮೊದಲನೆಯದಕ್ಕಿಂತ ಜಿಡ್ಡಾಗುತ್ತದೆ.

ಟೀ ಅಂಗಡಿಯವರು ಒಂದೇ ಸಲಕ್ಕೆ ಹತ್ತು ಹನ್ನೆರಡು ಹಾಕುತ್ತಾರಲ್ಲ?

ಅವರ ಬಾಣಲೆಯಲ್ಲಿ ಹಲವು ಲೀಟರ್ ಎಣ್ಣೆ ಇರುತ್ತದೆ, ಒಲೆಯ ಉರಿಯೂ ಮನೆಯದಕ್ಕಿಂತ ಬಹಳ ದೊಡ್ಡದು. ಹತ್ತು ತುಂಡು ಬಿದ್ದರೂ ಕಾವು ಅಷ್ಟಾಗಿ ಇಳಿಯುವುದಿಲ್ಲ. ಮನೆಯಲ್ಲಿ ಅರ್ಧ ಲೀಟರಿಗೆ ಆರು ತುಂಡು ಹಾಕಿದರೆ ಕಾವು 140ಕ್ಕೆ ಬಿದ್ದು, ಮೇಲೆ ಬರಲು ಎರಡು ಮೂರು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ನಡುಭಾಗ ಬೆಂದಿದೆ ಅಂತ ಮುರಿಯದೇ ತಿಳಿಯಬಹುದಾ?

ಮೊದಲ ಸರದಿಯ ಒಂದು ತುಂಡನ್ನು ಮುರಿದೇ ನೋಡಿ. ಅದರಿಂದ ಉಳಿದ ಸರದಿಗಳ ಹೊತ್ತು ತೀರ್ಮಾನ ಮಾಡಿಕೊಳ್ಳಿ. ಎತ್ತಿ ಒಂದು ನಿಮಿಷ ಆದ ಮೇಲೆ ಮುರಿಯಿರಿ, ಆ ಒಂದು ನಿಮಿಷವೂ ಒಳಗೆ ಬೇಯುತ್ತಿರುತ್ತದೆ.

ಸರಿಯಾಗಿ ಬೆಂದ ಹಣ್ಣು ನಡುವಿನಲ್ಲಿ ಗಾಢ ಹಳದಿ, ಅಂಚಿನಿಂದ ನಡುವಿನ ತನಕ ಒಂದೇ ಬಣ್ಣ, ಸ್ವಲ್ಪ ಅರೆಪಾರದರ್ಶಕ. ಚಮಚ ಒತ್ತಿದರೆ ಸಲೀಸಾಗಿ ಇಳಿಯುತ್ತದೆ. ನಡುವಿನಲ್ಲಿ ಬಿಳಿ ಗೆರೆ ಅಥವಾ ಮಂಕಾದ ಪಟ್ಟಿ ಕಂಡರೆ ಎರಡರಲ್ಲೊಂದು: ಹೊತ್ತು ಸಾಲದು ಅಥವಾ ಹಣ್ಣು ಸಾಲದು. ಯಾವುದು ಅಂತ ತಿಳಿಯಲು ಮುಂದಿನ ಸರದಿಯನ್ನು ಸಣ್ಣ ಉರಿಯಲ್ಲಿ ಒಂದು ನಿಮಿಷ ಹೆಚ್ಚು ಬಿಡಿ. ಪಟ್ಟಿ ಹೋದರೆ ಹೊತ್ತಿನ ತಪ್ಪು. ಹಾಗೇ ಉಳಿದರೆ ಹಣ್ಣು ಇನ್ನೂ ಕಾಯಿ, ಉಳಿದ ಹಣ್ಣನ್ನು ಎರಡು ದಿನ ಬಿಟ್ಟು ಕರಿಯಿರಿ.

ಹಣ್ಣು ಮತ್ತು ಪದರದ ನಡುವೆ ತೆಳ್ಳಗೆ ಹಸಿ ಹಿಟ್ಟು ಅಂಟಿಕೊಂಡಿದ್ದರೆ ಹಿಟ್ಟು ಗಟ್ಟಿಯಾಗಿದೆ. ಒಂದೆರಡು ಚಮಚ ನೀರು ಸೇರಿಸಿದರೆ ಸರಿಹೋಗುತ್ತದೆ.

ಇಂಡಕ್ಷನ್ ಒಲೆಯಲ್ಲಿ ಮಾಡಬಹುದಾ? ನಮ್ಮ ರೂಮಿನಲ್ಲಿ ಗ್ಯಾಸ್ ಇಲ್ಲ.

ಮಾಡಬಹುದು. ಆದರೆ ಒಲೆಯ ಮೇಲೆ ಕಾಣುವ 180 ಅನ್ನುವ ಅಂಕಿಯನ್ನು ನಂಬಬೇಡಿ. ಅದು ಸಾಮಾನ್ಯವಾಗಿ ಗಾಜಿನ ಕೆಳಗಿನ ಕಾವು ಅಳೆಯುತ್ತದೆ, ಎಣ್ಣೆಯದ್ದಲ್ಲ. ಮತ್ತೆ ಹಲವು ಒಲೆಗಳು ಕಡಿಮೆ ಮಟ್ಟದಲ್ಲಿ ಇಟ್ಟರೆ ಪೂರ್ತಿ ಜೋರಾಗಿ ಉರಿದು, ಆರಿ, ಮತ್ತೆ ಉರಿಯುತ್ತವೆ. ಎಣ್ಣೆಯ ಕಾವು ಹಾಗೇ ಏರಿಳಿಯುತ್ತದೆ. ದಪ್ಪ ತಳದ, ಚಪ್ಪಟೆ ಪಾತ್ರೆ ತೆಗೆದುಕೊಳ್ಳಿ, ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ. ಎಣ್ಣೆ ಹೆಚ್ಚಿದ್ದಷ್ಟೂ ಏರಿಳಿತ ಕಡಿಮೆ. ಎರಡೇ ತುಂಡು ಹಾಕಿ, ಹನಿ ಪರೀಕ್ಷೆಯನ್ನೇ ನೆಚ್ಚಿಕೊಳ್ಳಿ.

ಯಾವ ಎಣ್ಣೆ ಒಳ್ಳೆಯದು?

ಪರಿಮಳಕ್ಕೆ ಕೊಬ್ಬರಿ ಎಣ್ಣೆಯೇ ಸರಿ. ನೇಂದ್ರಕ್ಕೂ ಅದಕ್ಕೂ ಬಹಳ ಹೊಂದುತ್ತದೆ. ಆದರೆ ಶುದ್ಧೀಕರಿಸದ, ಗಾಣದ ಕೊಬ್ಬರಿ ಎಣ್ಣೆ ನಮಗೆ ಬೇಕಾದ 175ರ ಹತ್ತಿರವೇ ಹೊಗೆಯಾಡಲು ಶುರುವಾಗುತ್ತದೆ. ಅದನ್ನು ಬಳಸುವುದಾದರೆ 165ಕ್ಕೆ ನಿಲ್ಲಿಸಿ, ಎರಡೇ ತುಂಡು ಹಾಕಿ. ರಿಫೈನ್ಡ್ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆಗೆ ಈ ತೊಂದರೆ ಇಲ್ಲ. ಗಾಣದ ಕಡಲೆಕಾಯಿ ಎಣ್ಣೆ ನನಗೆ ಇದಕ್ಕೆ ಹಿಡಿಸುವುದಿಲ್ಲ, ಅದರ ವಾಸನೆ ಹಣ್ಣಿನ ಮೇಲೆ ಕೂರುತ್ತದೆ.

ಉಳಿದ ಎಣ್ಣೆ ಮತ್ತೆ ಬಳಸಬಹುದಾ?

ಸಿಹಿ ಹಿಟ್ಟು ಕರಿದ ಎಣ್ಣೆ ಖಾರದ ಬಜ್ಜಿಯದಕ್ಕಿಂತ ಬೇಗ ಕೆಡುತ್ತದೆ, ಉದುರಿದ ಸಕ್ಕರೆ ಹಿಟ್ಟು ತಳದಲ್ಲಿ ಸುಡುವುದರಿಂದ. ತಣ್ಣಗಾದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ ಮುಚ್ಚಿಡಿ, ಒಂದೆರಡು ದಿನದಲ್ಲಿ ಒಗ್ಗರಣೆಗೋ ಪಲ್ಯಕ್ಕೋ ಮುಗಿಸಿ. ಬಣ್ಣ ಗಾಢವಾಗಿದ್ದರೆ, ಕಾಯಿಸಿದಾಗ ನೊರೆ ನಿಂತರೆ, ಮೊದಲಿಗಿಂತ ಬೇಗ ಹೊಗೆ ಬಂದರೆ ಬಿಸಾಡಿ. ಸಿಂಕಿಗೆ ಮಾತ್ರ ಸುರಿಯಬೇಡಿ. ಅಂಗಡಿಗಾಗಿ ಮಾಡುವವರಿಗೆ ಲೆಕ್ಕವಿದೆ: ಎಣ್ಣೆ ಕಾದು ಕಾದು ಕೆಡುವಾಗ ಅದರಲ್ಲಿ ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು 25 ಶೇಕಡಾ ದಾಟಿದರೆ ಅದನ್ನು ಬಳಸುವಂತಿಲ್ಲ ಎಂಬ ಆಹಾರ ಸುರಕ್ಷತಾ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ.

ಗೋಧಿ ಹಿಟ್ಟಿನಲ್ಲಿ, ಏರ್ ಫ್ರೈಯರಿನಲ್ಲಿ?

ಗೋಧಿ ಹಿಟ್ಟು ಆಗುತ್ತದೆ. ನೀರು ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಬಣ್ಣ ಗಾಢ ಬರುತ್ತದೆ, ಪದರ ಅಷ್ಟು ಗರಿಯಾಗುವುದಿಲ್ಲ. ಅಕ್ಕಿ ಹಿಟ್ಟನ್ನು 50 ಗ್ರಾಂಗೆ ಏರಿಸಿ. ಏರ್ ಫ್ರೈಯರ್ ಇದಕ್ಕೆ ಹೇಳಿಸಿದ್ದಲ್ಲ. ನೀರಾದ ಹಿಟ್ಟನ್ನು ಸುತ್ತಲಿಂದ ಹಿಡಿದು ಗಟ್ಟಿ ಮಾಡುವುದು ಎಣ್ಣೆ. ಬಿಸಿ ಗಾಳಿಯಲ್ಲಿ ಹಿಟ್ಟು ಜಾಲರಿಯಿಂದ ತೊಟ್ಟಿಕ್ಕಿ ಹೋಗುತ್ತದೆ.

ಬಿಸಿ ಇದ್ದಾಗ ಗರಿಗರಿ, ಹತ್ತು ನಿಮಿಷಕ್ಕೆ ಮೆತ್ತಗೆ. ಏನು ಮಾಡುವುದು?

ಒಳಗಿನ ಹಣ್ಣಿನ ಆವಿ ಹೊರಗೆ ಬಂದು ಪದರವನ್ನು ನೆನೆಸುತ್ತದೆ. ಒಳಗೆ ಮೆತ್ತಗಿರಬೇಕು ಅಂದರೆ ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಎತ್ತಿದ ತುಂಡನ್ನು ಕಾಗದದ ಮೇಲೆ ಅರ್ಧ ನಿಮಿಷ ಇಟ್ಟು, ಆಮೇಲೆ ತಂತಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಇಡಿ. ಒಂದರ ಮೇಲೊಂದು ಪೇರಿಸಬೇಡಿ, ಬಿಸಿ ಇರುವಾಗ ಡಬ್ಬಕ್ಕೆ ಹಾಕಿ ಮುಚ್ಚಬೇಡಿ. ಮಳೆಗಾಲದ ಸಂಜೆಯಲ್ಲಿ ಇನ್ನೂ ಬೇಗ ಮೆತ್ತಗಾಗುತ್ತದೆ. ಆಗ ಅಕ್ಕಿ ಹಿಟ್ಟು ಒಂದು ಚಮಚ ಹೆಚ್ಚು ಹಾಕಿ.

ಬಂದವರಿಗೆ ಬಿಸಿಯಾಗಿ ಕೊಡಬೇಕು ಅಂದರೆ ಎರಡು ಸಲ ಕರಿಯಬಹುದು. ಮೊದಲು 160ರಲ್ಲಿ ಎರಡೂವರೆ ನಿಮಿಷ, ತಿಳಿ ಬಣ್ಣಕ್ಕೇ ಎತ್ತಿಡಿ. ಅವರು ಬಂದಾಗ 180ರಲ್ಲಿ ಅರ್ಧದಿಂದ ಮುಕ್ಕಾಲು ನಿಮಿಷ. ಹಣ್ಣು ಮೊದಲೇ ಬೆಂದಿರುತ್ತದೆ, ಎರಡನೇ ಸಲ ಪದರ ಮಾತ್ರ ಗರಿಯಾಗುತ್ತದೆ. ಆದರೆ ಎರಡರ ನಡುವೆ ಒಂದು ಗಂಟೆಗಿಂತ ಜಾಸ್ತಿ ಬಿಡಬೇಡಿ. ಹೊತ್ತು ಹೋದಷ್ಟೂ ಪದರ ನೆನೆದು, ಎರಡನೇ ಸಲ ಎಣ್ಣೆಗೆ ಹಾಕಿದಾಗ ಸಿಡಿಯುತ್ತದೆ.

ಮಾರನೇ ದಿನಕ್ಕೆ ಉಳಿದದ್ದನ್ನು ಮೈಕ್ರೋವೇವ್‌ಗೆ ಹಾಕಬೇಡಿ, ತೊಗಲಿನಂತಾಗುತ್ತದೆ. ದೋಸೆ ಹೆಂಚಿನ ಮೇಲೆ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಬದಿಗೆ ಎರಡೆರಡು ನಿಮಿಷ ಬೆಚ್ಚಗೆ ಮಾಡಿ.